ಅರ್ಧವೃತ್ತದ ಮೇಲೆ ಐದು ಗುರುತು

ಒಂದು ಅಡ್ಡಗೆರೆ, ಅದನ್ನು ಕತ್ತರಿಸಿ ನಿಂತ ಒಂದು ಲಂಬಗೆರೆ. ಲಂಬಗೆರೆಯ ಎಡಕ್ಕೆ ಒಂದು ಅರ್ಧವೃತ್ತ, ಅದರ ಮೇಲೆ ಸಮ ಅಂತರದಲ್ಲಿ ಐದು ಗುಣಾಕಾರ ಚಿಹ್ನೆಗಳು. ಚಿತ್ರದಲ್ಲಿರುವುದು ಇಷ್ಟೇ. ಆದರೆ ಎಲೆಕ್ಟ್ರಾನಿಕ್ಸ್ ಬಲ್ಲವರ ಮುಂದೆ ಇದನ್ನು ಇಟ್ಟರೆ, ಇದು ಬಟರ್‌ವರ್ತ್ ಲೋ-ಪಾಸ್ ಫಿಲ್ಟರ್, ಆರ್ಡರ್ ಐದು, ಕಟ್-ಆಫ್ ಇಷ್ಟು ಎಂದು ಲೆಕ್ಕ ಹಾಕದೆಯೇ ಹೇಳಿಬಿಡುತ್ತಾರೆ. ಎಷ್ಟು ರೆಸಿಸ್ಟರ್, ಎಷ್ಟು ಕೆಪ್ಯಾಸಿಟರ್ ಬೇಕು, ಯಾವ ಹಂತದಲ್ಲಿ ತೊಂದರೆ ಬರಬಹುದು ಎಂಬುದನ್ನೂ ಅದೇ ಚಿತ್ರದಿಂದ ಹೇಳಬಲ್ಲರು. ಒಂದು ಕೈವಾರ, ಒಂದು ಕೋನಮಾಪಕ ಇದ್ದರೆ ಹೈಸ್ಕೂಲು ಹುಡುಗಿಯೂ ಬಿಡಿಸಬಹುದಾದ ಈ ಚಿತ್ರ ಇಷ್ಟೆಲ್ಲ ಹೇಳುವುದು ಹೇಗೆ?

ಇದನ್ನು ತಿಳಿಯಲು ಒಂದು ನಿಜವಾದ ಅಗತ್ಯದಿಂದಲೇ ಹೊರಡುವುದು ಒಳ್ಳೆಯದು. ಕಾರ್ಖಾನೆಯೊಂದರಲ್ಲಿ ದೊಡ್ಡ ನೀರಿನ ಪಂಪ್ ಇದೆ ಎನ್ನೋಣ. ಅದರ ಬೇರಿಂಗ್ ಸವೆಯುತ್ತಿದೆಯೇ ಎಂದು ನೋಡಲು ಕಂಪನ ಅಳೆಯುವ ಸೆನ್ಸರ್ ಅಂಟಿಸಿದ್ದಾರೆ. ತಂತ್ರಜ್ಞರಿಗೆ ಬೇಕಾದ ಮಾಹಿತಿ 1000 ಹರ್ಟ್ಸ್‌ವರೆಗಿನ ಕಂಪನದಲ್ಲಿದೆ. ಸೆನ್ಸರಿನ ಸಂಕೇತವನ್ನು ಸೆಕೆಂಡಿಗೆ 4000 ಸಲ ಅಳೆದು ಕಂಪ್ಯೂಟರಿಗೆ ಕೊಡಲಾಗುತ್ತದೆ. ತೊಡಕು ಇಲ್ಲೇ ಇದೆ. ಸೆಕೆಂಡಿಗೆ 4000 ಸಲ ಮಾತ್ರ ಕಣ್ಣು ತೆರೆದು ನೋಡುವ ಯಂತ್ರಕ್ಕೆ 3000 ಹರ್ಟ್ಸ್ ಕಂಪನವೂ 1000 ಹರ್ಟ್ಸ್ ಕಂಪನವೂ ಒಂದೇ ತೆರನಾಗಿ ಕಾಣುತ್ತವೆ. 3300 ಇದ್ದದ್ದು 700 ಎಂದು ಕಾಣುತ್ತದೆ. ಹೀಗೆ ವೇಷ ಹಾಕಿಕೊಂಡು ಒಳಗೆ ಬಂದ ಕಂಪನವನ್ನು ಆಮೇಲೆ ಯಾವ ಸಾಫ್ಟ್‌ವೇರೂ ಬೇರ್ಪಡಿಸಲಾರದು. ಆದ್ದರಿಂದ ಅಳೆಯುವ ಮುನ್ನವೇ, ತಂತಿಯಲ್ಲಿ ಸಂಕೇತ ಹರಿಯುತ್ತಿರುವಾಗಲೇ, 3000 ಹರ್ಟ್ಸ್ ಮತ್ತು ಅದಕ್ಕಿಂತ ಮೇಲಿನದನ್ನು ಅಡಗಿಸಬೇಕು. ಎಷ್ಟು ಅಡಗಿಸಬೇಕು? ನೂರರಲ್ಲಿ ಒಂದು ಪಾಲಿಗೆ, ಅಂದರೆ 40 ಡೆಸಿಬೆಲ್‌ನಷ್ಟು ಇಳಿಸಿದರೆ ಸಾಕು ಎಂದಿಟ್ಟುಕೊಳ್ಳೋಣ. 2000ದಿಂದ 3000ದವರೆಗಿನದು ವೇಷ ಬದಲಿಸಿದರೂ 1000ಕ್ಕಿಂತ ಮೇಲೆಯೇ ಬಂದು ಕೂರುವುದರಿಂದ ಅದನ್ನು ಆಮೇಲೆ ಕತ್ತರಿಸಿ ಎಸೆಯಬಹುದು.

ಅಂದರೆ ಬೇಕಾಗಿರುವುದು 1000 ಹರ್ಟ್ಸ್‌ವರೆಗಿನದನ್ನು ಆದಷ್ಟು ಮುಟ್ಟದೆ ಬಿಟ್ಟು, 3000ದಲ್ಲಿ ನೂರನೇ ಒಂದಂಶಕ್ಕೆ ಇಳಿಸುವ ಲೋ-ಪಾಸ್ ಫಿಲ್ಟರ್.

ಇಂಥ ಫಿಲ್ಟರಿಗೆ ಹೆಸರು ಕೊಟ್ಟವರು ಸ್ಟೀಫನ್ ಬಟರ್‌ವರ್ತ್. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1885ರಲ್ಲಿ ಹುಟ್ಟಿದ ಭೌತವಿಜ್ಞಾನಿ. ಬ್ರಿಟಿಷ್ ನೌಕಾಪಡೆಯ ಸಂಶೋಧನಾಲಯದಲ್ಲಿ ಬಹುಕಾಲ ದುಡಿದವರು. 1930ರಲ್ಲಿ ಒಂದು ವೈರ್‌ಲೆಸ್ ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಫಿಲ್ಟರ್ ಆಂಪ್ಲಿಫೈಯರುಗಳ ಬಗ್ಗೆ ಅವರು ಬರೆದ ಲೇಖನ ಕೆಲವೇ ಪುಟಗಳದ್ದು. ಆ ಕಾಲದ ಫಿಲ್ಟರುಗಳು ಬೇಡದ ಆವರ್ತನವನ್ನು ತಡೆಯುತ್ತಿದ್ದವು, ನಿಜ. ಆದರೆ ಬೇಕಾದ ಆವರ್ತನಗಳಲ್ಲಿಯೂ ಒಂದಕ್ಕೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಎಂದು ಏರಿಳಿತ ಮಾಡುತ್ತಿದ್ದವು. ಬಟರ್‌ವರ್ತ್ ಅವರಿಗೆ ಬೇಕಾಗಿದ್ದುದು ಬಿಡಬೇಕಾದ ಕಡೆ ಸಪಾಟಾಗಿರುವ ಫಿಲ್ಟರ್. ಅವರು ಎರಡೆರಡು ಪೋಲ್‌ಗಳ ಹಂತಗಳನ್ನು ಕಟ್ಟಿ, ಒಂದು ಹಂತ ಇನ್ನೊಂದರ ಕೆಲಸ ಕೆಡಿಸದಂತೆ ನಡುವೆ ವಾಲ್ವ್ ಆಂಪ್ಲಿಫೈಯರ್ ಇಟ್ಟರು. ಅವರ ಫಿಲ್ಟರಿನ ಗೇನ್, ಅಂದರೆ ಒಳಬಂದ ಸಂಕೇತದಲ್ಲಿ ಹೊರಹೋಗುವ ಪಾಲು, ಈ ಒಂದು ಸೂತ್ರದಲ್ಲಿದೆ:

G = 1/√(1 + x^(2n))

ಇಲ್ಲಿ x ಎಂದರೆ ಸಂಕೇತದ ಆವರ್ತನವನ್ನು ಕಟ್-ಆಫ್ ಆವರ್ತನದಿಂದ ಭಾಗಿಸಿದ ಸಂಖ್ಯೆ. n ಎಂಬುದೇ ಆರ್ಡರ್. x ಒಂದಕ್ಕಿಂತ ಚಿಕ್ಕದಾದಾಗ ಅದನ್ನು ಮತ್ತೆ ಮತ್ತೆ ಅದರಿಂದಲೇ ಗುಣಿಸಿದರೆ ಸೊನ್ನೆಗೆ ಹತ್ತಿರವಾಗುತ್ತದೆ, ಹಾಗಾಗಿ ಗೇನ್ ಒಂದರ ಹತ್ತಿರವೇ ಉಳಿಯುತ್ತದೆ. x ಒಂದಕ್ಕಿಂತ ದೊಡ್ಡದಾದಾಗ ಅದೇ ಗುಣಾಕಾರ ಸಂಖ್ಯೆಯನ್ನು ಬೆಳೆಸಿ ಗೇನನ್ನು ಕುಸಿಯುವಂತೆ ಮಾಡುತ್ತದೆ. ಆರ್ಡರ್ ಹೆಚ್ಚಿದಷ್ಟೂ ಮೊದಲ ಭಾಗ ಹೆಚ್ಚು ಸಪಾಟು, ಆಮೇಲಿನ ಇಳಿಜಾರು ಹೆಚ್ಚು ಕಡಿದು. ನಮ್ಮ ಪಂಪಿನ ವಿಷಯಕ್ಕೆ ಬಂದರೆ ಕಟ್-ಆಫ್ 1000 ಎಂದಿಟ್ಟುಕೊಂಡಾಗ 3000ದಲ್ಲಿ x ಮೂರು. ನೂರನೇ ಒಂದಂಶಕ್ಕೆ ಇಳಿಯಬೇಕಾದರೆ ವರ್ಗಮೂಲದ ಒಳಗಿರುವುದು ಹತ್ತು ಸಾವಿರ ಮುಟ್ಟಬೇಕು. ಆರ್ಡರ್ 4 ಆದರೆ ಮೂರರ ಎಂಟನೇ ಘಾತ, 6561: ಸಾಲದು, 38 ಡೆಸಿಬೆಲ್ ಅಷ್ಟೇ. ಆರ್ಡರ್ 5 ಆದರೆ ಮೂರರ ಹತ್ತನೇ ಘಾತ, 59049: ಬೇಕಾದದ್ದಕ್ಕಿಂತ ಹೆಚ್ಚು, ಸುಮಾರು 47.7 ಡೆಸಿಬೆಲ್. ನಾಲ್ಕೂಕಾಲು ಆರ್ಡರಿನ ಫಿಲ್ಟರ್ ಎಂಬುದು ಇರುವುದಿಲ್ಲವಾದ್ದರಿಂದ ಐದೇ ಗತಿ.

ಸೂತ್ರ ಸಿಕ್ಕಿತು, ಆರ್ಡರೂ ಸಿಕ್ಕಿತು. ಆದರೆ ಸೂತ್ರವನ್ನು ಬೆಸುಗೆ ಹಾಕಲು ಬರುವುದಿಲ್ಲ. ಸರ್ಕ್ಯೂಟ್ ಕಟ್ಟಬೇಕಾದರೆ ಪೋಲ್‌ಗಳು ಎಲ್ಲಿವೆ ಎಂದು ತಿಳಿಯಬೇಕು.

ಪೋಲ್ ಎಂದರೆ ಸರ್ಕ್ಯೂಟಿನ ಸಹಜ ಸ್ವಭಾವದ ಒಂದು ವಿಳಾಸ. ಗಂಟೆಗೆ ಒಮ್ಮೆ ಹೊಡೆದು ಬಿಟ್ಟರೆ ಅದು ತನ್ನದೇ ಸ್ವರದಲ್ಲಿ ಮಿಡಿಯುತ್ತಾ ಕ್ರಮೇಣ ಅಡಗುತ್ತದಲ್ಲ, ಸರ್ಕ್ಯೂಟೂ ಹಾಗೆಯೇ. ಎಷ್ಟು ವೇಗವಾಗಿ ಮಿಡಿಯುತ್ತದೆ, ಎಷ್ಟು ಬೇಗ ಅಡಗುತ್ತದೆ ಎಂಬ ಎರಡು ಸಂಖ್ಯೆಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿದರೆ ಅದೇ ಎಸ್-ಪ್ಲೇನ್. ಮಧ್ಯದಿಂದ ಮೇಲಕ್ಕೋ ಕೆಳಕ್ಕೋ ಹೋದಷ್ಟೂ ಮಿಡಿತದ ವೇಗ ಹೆಚ್ಚು. ಎಡಕ್ಕೆ ಹೋದಷ್ಟೂ ಬೇಗ ಅಡಗುತ್ತದೆ. ಸರಿಯಾಗಿ ಲಂಬಗೆರೆಯ ಮೇಲೆ ಬಿದ್ದರೆ ಮಿಡಿತ ನಿಲ್ಲುವುದೇ ಇಲ್ಲ. ಬಲಕ್ಕೆ ಬಿದ್ದರೆ ಅಡಗುವ ಬದಲು ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಕೆಲಸಕ್ಕೆ ಬರುವ ಫಿಲ್ಟರಿನ ಎಲ್ಲ ಪೋಲ್‌ಗಳೂ ಎಡ ಅರ್ಧದಲ್ಲೇ ಇರಬೇಕು. ಮೇಲೆ ಒಂದಿದ್ದರೆ ಅಷ್ಟೇ ಕೆಳಗೆ ಅದರ ಪ್ರತಿಬಿಂಬವೂ ಇರುತ್ತದೆ. ಜೋಡಿಯಿಲ್ಲದ ಒಂಟಿ ಪೋಲ್ ಅಡ್ಡಗೆರೆಯ ಮೇಲೆ ಮಾತ್ರ ಕೂರಬಲ್ಲದು.

ಫಿಲ್ಟರಿನ ಗೇನನ್ನು ಈ ನಕ್ಷೆಯಿಂದ ಅಳತೆಪಟ್ಟಿ ಹಿಡಿದೇ ಓದಬಹುದು. ಕಟ್-ಆಫನ್ನು ಒಂದು ಎಂದು ಇಟ್ಟುಕೊಂಡು, ಯಾವ ಆವರ್ತನದಲ್ಲಿ ಗೇನ್ ಬೇಕೋ ಅಷ್ಟು ಎತ್ತರಕ್ಕೆ ಲಂಬಗೆರೆಯ ಮೇಲೆ ಒಂದು ಚುಕ್ಕೆ ಇಡಬೇಕು. ಆ ಚುಕ್ಕೆಯಿಂದ ಪ್ರತಿಯೊಂದು ಪೋಲ್‌ಗೂ ಇರುವ ದೂರ ಅಳೆದು ಎಲ್ಲವನ್ನೂ ಗುಣಿಸಬೇಕು. ಆ ಗುಣಲಬ್ಧ ಹೆಚ್ಚಿದಷ್ಟೂ ಗೇನ್ ಕಡಿಮೆ; ಒಂದರಿಂದ ಅದನ್ನು ಭಾಗಿಸಿದರೆ ಬರುವುದೇ ಗೇನ್. ಚುಕ್ಕೆ ಮಧ್ಯಬಿಂದುವಿನಲ್ಲಿದ್ದಾಗ ಎಲ್ಲ ದೂರಗಳೂ ವೃತ್ತದ ತ್ರಿಜ್ಯವೇ, ಅಂದರೆ ಒಂದು, ಗುಣಲಬ್ಧವೂ ಒಂದು. ಇನ್ನು ಚುಕ್ಕೆ ಲಂಬಗೆರೆಯ ಮೇಲೆ ಮೇಲಕ್ಕೆ ಏರುತ್ತಾ ಹೋದರೂ ಗುಣಲಬ್ಧ ಒಂದರಲ್ಲೇ ನಿಂತಿರಬೇಕು. ಸಪಾಟು ಫಿಲ್ಟರ್ ಎಂದರೆ ರೇಖಾಗಣಿತದ ಮಾತಿನಲ್ಲಿ ಇಷ್ಟೇ.

ಐದು ಪೋಲ್‌ಗಳಲ್ಲಿ ಇದು ಹೇಗೆ ನಡೆಯುತ್ತದೆಂದು 500 ಹರ್ಟ್ಸ್‌ನಲ್ಲಿ, ಅಂದರೆ ತ್ರಿಜ್ಯದ ಅರ್ಧ ಎತ್ತರದಲ್ಲಿ ನೋಡಬಹುದು. ಮೇಲಿನ ಎರಡು ಪೋಲ್‌ಗಳು ಹತ್ತಿರವಾಗಿವೆ: ದೂರ 0.547 ಮತ್ತು 0.814. ನಡುವಿನದು ಸ್ವಲ್ಪ ದೂರ ಸರಿದಿದೆ, 1.118. ಕೆಳಗಿನ ಎರಡು ಇನ್ನೂ ದೂರ: 1.356 ಮತ್ತು 1.484. ಒಂದಕ್ಕೊಂದು ಹೊಂದಾಣಿಕೆಯೇ ಇಲ್ಲದಂತೆ ಕಾಣುವ ಈ ಐದನ್ನೂ ಗುಣಿಸಿದರೆ 1.0005. ಹತ್ತಿರ ಬಂದವು ಕಳೆದದ್ದನ್ನು ದೂರ ಹೋದವು ಹೆಚ್ಚುಕಡಿಮೆ ಪೂರ್ತಿ ತುಂಬಿಕೊಟ್ಟಿವೆ. ಅರ್ಧ ದಾರಿ ಸಾಗಿದರೂ ಗೇನ್ ಇಳಿದದ್ದು ಎರಡು ಸಾವಿರದಲ್ಲಿ ಒಂದು ಪಾಲು.

ಈ ಹೊಂದಾಣಿಕೆ ಕಾಕತಾಳೀಯವಲ್ಲ. ವಿದ್ಯುತ್ತೇ ಬಳಕೆಗೆ ಬರದ ಕಾಲದಲ್ಲಿ ಇದನ್ನು ಕಂಡುಕೊಂಡವರಿದ್ದರು. ಕೇಂಬ್ರಿಡ್ಜ್‌ನ ಗಣಿತಜ್ಞ ರೋಜರ್ ಕೋಟ್ಸ್, ನ್ಯೂಟನ್ನರ 'ಪ್ರಿನ್ಸಿಪಿಯಾ'ದ ಎರಡನೇ ಆವೃತ್ತಿಯನ್ನು ಸಂಪಾದಿಸಿದವರು, 1716ರಲ್ಲಿ ಮೂವತ್ತನಾಲ್ಕು ತುಂಬುವ ಮೊದಲೇ ತೀರಿಕೊಂಡರು. ಅವರ ಬರಹಗಳನ್ನು ಸೋದರಸಂಬಂಧಿ ರಾಬರ್ಟ್ ಸ್ಮಿತ್ 1722ರಲ್ಲಿ ಪ್ರಕಟಿಸಿದಾಗ ಅದರಲ್ಲಿ ವೃತ್ತದ ಬಗ್ಗೆ ಒಂದು ಸುಂದರ ಪ್ರಮೇಯವಿತ್ತು. ಒಂದು ತ್ರಿಜ್ಯದ ವೃತ್ತವನ್ನು ಸಮ ಭಾಗಗಳಾಗಿ ಗುರುತಿಸಿ, ಎರಡು ಗುರುತುಗಳ ನಟ್ಟನಡುವೆ ಹಾದುಹೋಗುವ ವ್ಯಾಸದ ಮೇಲೆ ಒಂದು ಚುಕ್ಕೆ ಇಡಿ. ಅದು ಮಧ್ಯಬಿಂದುವಿನಿಂದ x ದೂರದಲ್ಲಿರಲಿ. ಗುರುತುಗಳು ಹತ್ತಿದ್ದರೆ, ಚುಕ್ಕೆಯಿಂದ ಆ ಹತ್ತಕ್ಕೂ ಇರುವ ದೂರಗಳ ಗುಣಲಬ್ಧ 1 + x^10. ವ್ಯಾಸ ಗುರುತಿನ ಮೇಲೆಯೇ ಹಾದುಹೋದರೆ ಕೂಡಿಸುವ ಬದಲು ಕಳೆಯಬೇಕು, ಅಷ್ಟೇ ವ್ಯತ್ಯಾಸ.

ಬಟರ್‌ವರ್ತ್ ಸೂತ್ರದಲ್ಲಿ ವರ್ಗಮೂಲದ ಒಳಗಿರುವುದು ಇದೇ. ಐದನೇ ಆರ್ಡರಿಗೆ ಪೂರ್ಣ ವೃತ್ತದ ಮೇಲೆ ಹತ್ತು ಗುರುತು. ಚುಕ್ಕೆ ಇರುವುದು ಲಂಬ ವ್ಯಾಸದ ಮೇಲೆ. ಎಡದ ಐದು ಗುರುತುಗಳ ದೂರಗಳೂ ಬಲದ ಐದರ ದೂರಗಳೂ ಕನ್ನಡಿಯಲ್ಲಿ ಕಂಡಂತೆ ಸಮ. ಹಾಗಾಗಿ ಎಡದ ಐದರ ಗುಣಲಬ್ಧ ಇಡೀ ಹತ್ತರ ಗುಣಲಬ್ಧದ ವರ್ಗಮೂಲ. ಸೂತ್ರದಲ್ಲಿ ವರ್ಗಮೂಲ ಚಿಹ್ನೆ ಬಂದದ್ದು ಬಲ ಅರ್ಧವನ್ನು ಅಳಿಸಿಹಾಕಿದ್ದರಿಂದ. ಬಲ ಅರ್ಧವನ್ನು ಅಳಿಸಿದ್ದು ಅಲ್ಲಿನ ಪೋಲ್‌ಗಳು ಸರ್ಕ್ಯೂಟನ್ನು ಹುಚ್ಚೆಬ್ಬಿಸುತ್ತವೆ ಎಂಬ ಕಾರಣಕ್ಕೆ. ಪಠ್ಯಪುಸ್ತಕಗಳು ಇದನ್ನು ಕಾಂಪ್ಲೆಕ್ಸ್ ಸಂಖ್ಯೆಗಳ ಮೂಲ ಹುಡುಕುವ ಲೆಕ್ಕವಾಗಿ ಕೊಡುತ್ತವೆ. ಉತ್ತರ ಸರಿಯೇ, ಆದರೆ ಕೋಟ್ಸ್‌ರ ವೃತ್ತವನ್ನು ಒಮ್ಮೆ ನೋಡಿದವರಿಗೆ ಅರ್ಧವೃತ್ತವೇ ಯಾಕೆ, ಸಮ ಅಂತರವೇ ಯಾಕೆ ಎಂದು ಇನ್ನೊಮ್ಮೆ ಕೇಳಬೇಕೆನಿಸುವುದಿಲ್ಲ.

ಈಗ ಕೈವಾರ ಹಿಡಿಯೋಣ. ಆರ್ಡರ್ 5 ಆದ್ದರಿಂದ ನೆರೆಹೊರೆಯ ಪೋಲ್‌ಗಳ ನಡುವಿನ ಕೋನ 180 ಭಾಗಿಸು 5, ಅಂದರೆ 36 ಡಿಗ್ರಿ. ಲಂಬಗೆರೆಯ ಮೇಲೆ ಪೋಲ್ ಕೂರುವಂತಿಲ್ಲವಾದ್ದರಿಂದ ಎರಡು ತುದಿಗಳಲ್ಲಿ ಅರ್ಧರ್ಧ ಅಂತರ, 18 ಡಿಗ್ರಿ, ಬಿಡಬೇಕು. ಹದಿನೆಂಟು, ನಾಲ್ಕು ಮೂವತ್ತಾರು, ಮತ್ತೆ ಹದಿನೆಂಟು: ಒಟ್ಟು 180, ಅರ್ಧವೃತ್ತ ಸರಿಯಾಗಿ ತುಂಬಿತು. ನಡುವಿನ ಪೋಲ್ ಅಡ್ಡಗೆರೆಯ ಮೇಲೆ. ಉಳಿದವು ಅಡ್ಡಗೆರೆಯಿಂದ ಮೇಲೆ ಕೆಳಗೆ 36 ಡಿಗ್ರಿಯಲ್ಲಿ ಒಂದು ಜೋಡಿ, 72 ಡಿಗ್ರಿಯಲ್ಲಿ ಇನ್ನೊಂದು ಜೋಡಿ. ತ್ರಿಜ್ಯ 1000 ಹರ್ಟ್ಸ್. ಎಸ್-ಪ್ಲೇನ್‌ನ ಅಳತೆ ಸೆಕೆಂಡಿಗೆ ರೇಡಿಯನ್‌ಗಳಲ್ಲಿ ಇರುವುದರಿಂದ ನಕ್ಷೆಯ ಮೇಲೆ ಅದನ್ನು 6283 ಎಂದು ಬರೆಯುತ್ತಾರೆ.

ಸರ್ಕ್ಯೂಟ್ ಕಟ್ಟುವವರಿಗೆ ಈ ಚಿತ್ರ ಕೊಡುವ ಅನುಕೂಲ ದೊಡ್ಡದು. ಒಂಟಿ ಪೋಲ್‌ಗೆ ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್ ಸಾಕು. ಜೋಡಿ ಪೋಲ್‌ಗೆ ಎರಡು ರೆಸಿಸ್ಟರ್, ಎರಡು ಕೆಪ್ಯಾಸಿಟರ್ ಮತ್ತು ಒಂದು ಆಪ್-ಆಂಪ್ ಇರುವ ಹಂತ ಬೇಕು. ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯದ ಸ್ಯಾಲೆನ್ ಮತ್ತು ಕೀ 1955ರಲ್ಲಿ ಪ್ರಕಟಿಸಿದ ವಿನ್ಯಾಸ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಎಲ್ಲ ಪೋಲ್‌ಗಳೂ ಒಂದೇ ವೃತ್ತದ ಮೇಲಿರುವುದರಿಂದ ಎಲ್ಲ ಹಂತಗಳಿಗೂ ಒಂದೇ ಬೆಲೆಯ ರೆಸಿಸ್ಟರ್, ಒಂದೇ ಬೆಲೆಯ ಕೆಪ್ಯಾಸಿಟರ್ ಹಾಕಬಹುದು. 10 ನ್ಯಾನೋಫ್ಯಾರಡ್ ಕೆಪ್ಯಾಸಿಟರ್, 15.8 ಕಿಲೋಓಮ್ ರೆಸಿಸ್ಟರ್ ಹಾಕಿದರೆ ತ್ರಿಜ್ಯ ಸುಮಾರು 1007 ಹರ್ಟ್ಸ್ ಬರುತ್ತದೆ. ಅಂಗಡಿಯಲ್ಲಿ ಸಿಗುವ ಬೆಲೆಗಳಲ್ಲಿ ಇಷ್ಟು ಹತ್ತಿರ ಸಾಕು. ಹಂತದಿಂದ ಹಂತಕ್ಕೆ ಬದಲಾಗುವುದು ಕೋನ ಮಾತ್ರ.

ಕೋನವನ್ನು ಎಂಜಿನಿಯರುಗಳು ಕ್ಯೂ ಎಂಬ ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಅಡ್ಡಗೆರೆಯಿಂದ ಅಳೆದ ಕೋನದ ಕೊಸೈನನ್ನು ಎರಡರಿಂದ ಗುಣಿಸಿ, ಒಂದನ್ನು ಅದರಿಂದ ಭಾಗಿಸಿದರೆ ಕ್ಯೂ. 36 ಡಿಗ್ರಿಯ ಜೋಡಿಗೆ ಅದು 0.618; 72 ಡಿಗ್ರಿಯ ಜೋಡಿಗೆ 1.618. ಗಣಿತಪ್ರಿಯರು ಇಲ್ಲಿ ಮುಗುಳ್ನಗುತ್ತಾರೆ, ಏಕೆಂದರೆ ಇದು ಸುವರ್ಣ ಅನುಪಾತ. ಸಮಪಂಚಭುಜದಲ್ಲಿ ಅಡಗಿರುವ ಅನುಪಾತ ಐದನೇ ಆರ್ಡರ್ ಫಿಲ್ಟರಿನಲ್ಲಿ ತಲೆ ತೋರಿಸುವುದರಲ್ಲಿ ಅಚ್ಚರಿಯೇನಿಲ್ಲ; ಎರಡೂ ವೃತ್ತವನ್ನು ಐದಾಗಿ, ಹತ್ತಾಗಿ ಹಂಚಿದ ಫಲ. ಇದರಿಂದ ಒಂದು ಸುಲಭ ಪರೀಕ್ಷೆಯೂ ಸಿಗುತ್ತದೆ. ಕಟ್-ಆಫ್‌ನಲ್ಲಿ ಜೋಡಿ ಹಂತದ ಗೇನ್ ಅದರ ಕ್ಯೂಗೆ ಸಮ. 0.618ನ್ನು 1.618ರಿಂದ ಗುಣಿಸಿದರೆ ಸರಿಯಾಗಿ ಒಂದು. ಹಾಗಾಗಿ 1000 ಹರ್ಟ್ಸ್‌ನಲ್ಲಿ ಎರಡು ಜೋಡಿ ಹಂತಗಳು ಒಂದನ್ನೊಂದು ರದ್ದು ಮಾಡಿಕೊಂಡು, ಉಳಿಯುವುದು ಒಂಟಿ ಪೋಲ್ ಕೊಡುವ 0.707 ಮಾತ್ರ. ಬಟರ್‌ವರ್ತ್ ಸೂತ್ರದಲ್ಲಿ x ಒಂದು ಎಂದು ಹಾಕಿದರೂ ಬರುವುದು ಇದೇ.

ಸ್ಯಾಲೆನ್-ಕೀ ಹಂತದಲ್ಲಿ ರೆಸಿಸ್ಟರ್‌ಗಳೂ ಕೆಪ್ಯಾಸಿಟರ್‌ಗಳೂ ಸಮವಾಗಿದ್ದಾಗ ಕೋನವನ್ನು ನಿರ್ಧರಿಸುವುದು ಆಪ್-ಆಂಪ್‌ನ ಗೇನ್. ಮೂರರಿಂದ ಕ್ಯೂನ ವಿಲೋಮವನ್ನು ಕಳೆದರೆ ಆ ಗೇನ್ ಸಿಗುತ್ತದೆ: ಒಂದು ಹಂತಕ್ಕೆ 1.382, ಇನ್ನೊಂದಕ್ಕೆ 2.382. ಎಚ್ಚರ ಬೇಕಾದದ್ದು ಎರಡನೆಯದರಲ್ಲಿ. ರೆಸಿಸ್ಟರುಗಳ ಬೆಲೆ ಸ್ವಲ್ಪ ಹೆಚ್ಚುಕಡಿಮೆಯಾಗಿ ಗೇನ್ 2.382ರ ಬದಲು 2.5 ಆಯಿತು ಎನ್ನಿ. ತಪ್ಪು ಶೇಕಡಾ 5 ಮಾತ್ರ, ಆದರೆ ಕ್ಯೂ 1.618ರಿಂದ 2ಕ್ಕೆ ಜಿಗಿಯುತ್ತದೆ. ತುದಿಯ ಪೋಲ್‌ಗಳು ಅರ್ಧವೃತ್ತದ ಮೇಲೇ ಲಂಬಗೆರೆಯತ್ತ ಜಾರುತ್ತವೆ. ಸಪಾಟಾಗಿರಬೇಕಾದ ಗೆರೆ 800 ಹರ್ಟ್ಸ್ ಬಳಿ ಶೇಕಡಾ 8ರಷ್ಟು ಉಬ್ಬುತ್ತದೆ. ಗೇನ್ ಮೂರು ಮುಟ್ಟಿದರೆ ಪೋಲ್‌ಗಳು ಲಂಬಗೆರೆಯನ್ನೇ ಮುಟ್ಟಿ, ಫಿಲ್ಟರ್ ಫಿಲ್ಟರಾಗಿ ಉಳಿಯದೆ 1000 ಹರ್ಟ್ಸ್‌ನಲ್ಲಿ ತಾನೇ ಕಿರುಚುವ ಆಸಿಲೇಟರ್ ಆಗುತ್ತದೆ. ಲಂಬಗೆರೆಗೆ ಅತಿ ಹತ್ತಿರವಿರುವ ಜೋಡಿಗೆ ಶೇಕಡಾ 1ರ ನಿಖರತೆಯ ಬಿಡಿಭಾಗ ಹಾಕುವುದು, ಆ ಹಂತವನ್ನು ಸಾಲಿನ ಕೊನೆಗೆ ಇಡುವುದು ಈ ಕಸುಬಿನವರ ರೂಢಿ.

ಇಷ್ಟು ಹೊತ್ತೂ ಆರ್ಡರ್ ಗೊತ್ತಿದ್ದು ಪೋಲ್ ಇಟ್ಟದ್ದಾಯಿತು. ಪರೀಕ್ಷೆಯಲ್ಲಿಯೂ ದುರಸ್ತಿಯ ಮೇಜಿನ ಮೇಲೂ ಬರುವುದು ಇದರ ತಿರುವುಮುರುವು: ಚಿತ್ರ ಕೈಯಲ್ಲಿದೆ, ಆರ್ಡರ್ ಹೇಳಬೇಕು. ಎಡ ಅರ್ಧದ ಪೋಲ್‌ಗಳೆಲ್ಲ ಕಾಣುತ್ತಿದ್ದರೆ ಎಣಿಸಿದರೆ ಮುಗಿಯಿತು. ಎಲ್ಲವೂ ಕಾಣದಿದ್ದರೂ ಪಕ್ಕಪಕ್ಕದ ಎರಡು ಸಿಕ್ಕರೆ ಸಾಕು. ಅವುಗಳ ನಡುವಿನ ಕೋನದಿಂದ 180ನ್ನು ಭಾಗಿಸಬೇಕು. 30 ಡಿಗ್ರಿ ಇದ್ದರೆ ಆರ್ಡರ್ 6, 45 ಇದ್ದರೆ 4. ಅಡ್ಡಗೆರೆಯ ಮೇಲೆ ಪೋಲ್ ಇದ್ದರೆ ಆರ್ಡರ್ ಬೆಸಸಂಖ್ಯೆ, ಇಲ್ಲದಿದ್ದರೆ ಸಮ. ಒಂದೇ ಒಂದು ಜೋಡಿ ಗೊತ್ತಿದ್ದಾಗ ಅದು ಲಂಬಗೆರೆಗೆ ಅತಿ ಹತ್ತಿರದ ತುದಿಯ ಜೋಡಿ ಎಂದು ಖಾತ್ರಿಯಿದ್ದರೆ, ಲಂಬಗೆರೆಯೊಂದಿಗಿನ ಕೋನದಿಂದ 90ನ್ನು ಭಾಗಿಸಬೇಕು. ನಮ್ಮ ಫಿಲ್ಟರಿನಲ್ಲಿ ಅದು 18 ಡಿಗ್ರಿ, ಉತ್ತರ 5. ಆದರೆ ತುದಿಯದೋ ಅಲ್ಲವೋ ಎಂಬ ಖಾತ್ರಿ ಇಲ್ಲದೆ ಈ ಭಾಗಾಕಾರಕ್ಕೆ ಕೈಹಾಕಬಾರದು. 45 ಡಿಗ್ರಿಯ ಜೋಡಿ ಎರಡನೇ ಆರ್ಡರಿನಲ್ಲಿಯೂ ಇದೆ, ಆರರಲ್ಲಿಯೂ ಇದೆ, ಹತ್ತರಲ್ಲಿಯೂ ಇದೆ.

ಕೋನ ಅಳೆಯುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ. ಮಧ್ಯಬಿಂದುವಿನಿಂದ ಎಲ್ಲ ಪೋಲ್‌ಗಳ ದೂರವೂ ಒಂದೇ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಅದು ಬಟರ್‌ವರ್ತ್ ಅಲ್ಲ. ಚೆಬಿಶೆವ್ ಎಂಬ ಇನ್ನೊಂದು ಜಾತಿಯ ಫಿಲ್ಟರಿನ ಪೋಲ್‌ಗಳು ದೀರ್ಘವೃತ್ತದ ಮೇಲೆ ಕೂರುತ್ತವೆ. ಅಲ್ಲಿ ಎಣಿಕೆ ಆರ್ಡರ್ ಹೇಳುತ್ತದೆಯೇ ಹೊರತು ಕೋನದ ಲೆಕ್ಕ ನಡೆಯದು. ಡಿಜಿಟಲ್ ಫಿಲ್ಟರುಗಳ ಜೆಡ್-ಪ್ಲೇನ್ ಚಿತ್ರಕ್ಕೂ ಇದೇ ಮಾತು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಎರಡೂ ಚಿತ್ರಗಳನ್ನು ಒಂದೇ ದಿನ ನೋಡಿ, ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚುವುದುಂಟು.

ಕಟ್ಟುವವರು ಮಾಡುವ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು ಬೇರೆಯೇ. ನಾಲ್ಕನೇ ಆರ್ಡರ್ ಬೇಕು. ಎರಡನೇ ಆರ್ಡರಿನ ಬಟರ್‌ವರ್ತ್ ಹಂತ ಕಟ್ಟಲು ಬರುತ್ತದೆ. ಹಾಗಿದ್ದರೆ ಅಂಥವೇ ಎರಡನ್ನು ಒಂದರ ಹಿಂದೊಂದು ಜೋಡಿಸಿದರೆ ಆಯಿತಲ್ಲ? ಆರ್ಡರ್ ನಾಲ್ಕಾಗುತ್ತದೆ, ಬಟರ್‌ವರ್ತ್ ಆಗುವುದಿಲ್ಲ. ಅರ್ಧವೃತ್ತದ ಮೇಲೆ ನೋಡಿದರೆ ಕಾರಣ ಥಟ್ಟನೆ ಹೊಳೆಯುತ್ತದೆ. ಎರಡನೇ ಆರ್ಡರಿನ ಪೋಲ್‌ಗಳು 45 ಡಿಗ್ರಿಯಲ್ಲಿವೆ. ಎರಡು ಹಂತ ಜೋಡಿಸಿದಾಗ ಅದೇ ಎರಡು ಜಾಗಗಳಲ್ಲಿ ಒಂದರ ಮೇಲೊಂದು ಪೋಲ್ ಕೂರುತ್ತದೆ. ಸಮ ಅಂತರ ಎಲ್ಲಿಯದು? ನಿಜವಾದ ನಾಲ್ಕನೇ ಆರ್ಡರಿನಲ್ಲಿ ಅವು 22.5 ಮತ್ತು 67.5 ಡಿಗ್ರಿಗಳಿಗೆ ಹರಡಿಕೊಂಡು, ಒಂದು ಹಂತದ ಕ್ಯೂ 0.541, ಇನ್ನೊಂದರದು 1.307 ಆಗಿರಬೇಕು. ತಪ್ಪು ನಡೆದಿದೆಯೇ ಎಂದು ತಿಳಿಯಲು ಕಟ್-ಆಫ್‌ನಲ್ಲಿ ಅಳೆದು ನೋಡಿದರೆ ಸಾಕು. 0.707 ಇರಬೇಕಾದ ಕಡೆ 0.5 ಇರುತ್ತದೆ; ಅಂದರೆ 3 ಡೆಸಿಬೆಲ್ ಬದಲು 6 ಡೆಸಿಬೆಲ್ ಇಳಿಕೆ. ತುಂಬ ಮೇಲಿನ ಆವರ್ತನದಲ್ಲಿ ಅಳೆದರೆ ಮಾತ್ರ ಮೋಸಹೋಗಬೇಕಾಗುತ್ತದೆ, ಏಕೆಂದರೆ ಅಲ್ಲಿ ಎರಡರ ಇಳಿಜಾರೂ ಒಂದೇ: ಆವರ್ತನ ಇಮ್ಮಡಿಯಾದಾಗಲೆಲ್ಲ 24 ಡೆಸಿಬೆಲ್. ಸ್ಪೀಕರುಗಳಲ್ಲಿ ಬಳಸುವ ಲಿಂಕ್‌ವಿಟ್ಜ್-ರೈಲಿ ಕ್ರಾಸ್‌ಓವರ್ ಬೇಕೆಂದೇ ಹೀಗೆ ಮಾಡುತ್ತದೆ. ದಪ್ಪ ಸ್ವರದ ಸ್ಪೀಕರೂ ಸಣ್ಣ ಸ್ವರದ ಸ್ಪೀಕರೂ ಸೇರುವ ಆವರ್ತನದಲ್ಲಿ ಅರ್ಧರ್ಧ ಕೊಟ್ಟರೆ ಒಟ್ಟು ಒಂದಾಗುತ್ತದೆ ಎಂಬುದು ಅದರ ಲೆಕ್ಕ. ಅಲ್ಲಿ ಸರಿಯಾದದ್ದು ಪಂಪಿನ ಸೆನ್ಸರಿಗೆ ಸರಿಯಲ್ಲ.

ಪಂಪಿಗೆ ಮರಳಿದರೆ ಇನ್ನೊಂದು ಕಸರು ಉಳಿದಿದೆ. ಐದನೇ ಆರ್ಡರ್ ಫಿಲ್ಟರ್ 500 ಹರ್ಟ್ಸ್‌ನಲ್ಲಿ ಬೆರಳು ತೋರಿಸಲಾಗದಷ್ಟು ಸಪಾಟು. ಆದರೆ 900ರಲ್ಲಿ ಗೇನ್ 0.861, ಅಂದರೆ ಬೇರಿಂಗಿನ ಕಂಪನ ಶೇಕಡಾ 14ರಷ್ಟು ಕಡಿಮೆ ಕಾಣುತ್ತದೆ. 1000ದಲ್ಲಿ ಶೇಕಡಾ 29ರಷ್ಟು ಕಡಿಮೆ. ಅತ್ಯಂತ ಸಪಾಟು ಎಂಬ ಮಾತು ಸೊನ್ನೆ ಆವರ್ತನದ ಸುತ್ತಮುತ್ತಲಿಗೆ ಅನ್ವಯಿಸುತ್ತದೆ; ಕಟ್-ಆಫ್‌ವರೆಗೂ ಸಪಾಟು ಎಂದು ಯಾರೂ ಭರವಸೆ ಕೊಟ್ಟಿಲ್ಲ. 1000 ಹರ್ಟ್ಸ್‌ವರೆಗೂ ತಪ್ಪು ಶೇಕಡಾ 1ನ್ನು ಮೀರಬಾರದು ಎಂದರೆ ಅರ್ಧವೃತ್ತವನ್ನೇ ಹಿಗ್ಗಿಸಬೇಕು. ಲೆಕ್ಕ ಹಾಕಿದರೆ ಆರ್ಡರ್ 5.97 ಬರುತ್ತದೆ, ಅಂದರೆ 6. ಹೊಸ ಅರ್ಧವೃತ್ತದ ತ್ರಿಜ್ಯ 1384 ಹರ್ಟ್ಸ್, ಅದರ ಮೇಲೆ 30 ಡಿಗ್ರಿಗೆ ಒಂದರಂತೆ ಆರು ಪೋಲ್. 1000ದಲ್ಲಿ ಗೇನ್ 0.99, 3000ದಲ್ಲಿ 40.3 ಡೆಸಿಬೆಲ್ ಇಳಿಕೆ. ಒಂಟಿ ಹಂತದ ಬದಲು ಒಂದು ಜೋಡಿ ಹಂತ, ಅಂದರೆ ಇನ್ನೊಂದು ರೆಸಿಸ್ಟರ್, ಇನ್ನೊಂದು ಕೆಪ್ಯಾಸಿಟರ್, ಇನ್ನೊಂದು ಆಪ್-ಆಂಪ್ ಹಂತದಷ್ಟು ಹೆಚ್ಚಿನ ಖರ್ಚಿನಲ್ಲಿ ಎರಡು ಕಡೆಯ ಷರತ್ತೂ ಪೂರೈಸಿತು. ಶೇಕಡಾ 10ರ ಅಗ್ಗದ ಕೆಪ್ಯಾಸಿಟರ್ ಹಾಕಿದರೆ ಮಾತ್ರ ಪೋಲ್‌ಗಳು ಒಂದೊಂದು ಒಂದೊಂದು ತ್ರಿಜ್ಯದಲ್ಲಿ ಚೆದುರಿ, ಈ ಲೆಕ್ಕವೆಲ್ಲ ಕಾಗದದ ಮೇಲೆ ಉಳಿಯುತ್ತದೆ.

ಇದೇ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ದೂರವಾಣಿಯಲ್ಲಿ ಮಾತನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ. 3400 ಹರ್ಟ್ಸ್‌ವರೆಗೆ ಬಿಡಬೇಕು, 4600ರಿಂದ ಮೇಲಿನದನ್ನು ತಡೆಯಬೇಕು. ಅಲ್ಲಿ 40 ಡೆಸಿಬೆಲ್ ಇಳಿಕೆ ಬೇಕೆಂದರೆ, 3400ರಲ್ಲಿ 3 ಡೆಸಿಬೆಲ್ ಕಳೆದುಕೊಳ್ಳಲು ಒಪ್ಪಿದರೂ ಬಟರ್‌ವರ್ತ್ ಆರ್ಡರ್ 16 ಆಗುತ್ತದೆ. ಪೋಲ್‌ಗಳ ನಡುವೆ 11.25 ಡಿಗ್ರಿ, ತುದಿಯ ಜೋಡಿ ಲಂಬಗೆರೆಯಿಂದ 6 ಡಿಗ್ರಿಗೂ ಕಡಿಮೆ ದೂರ. ಅಂಥ ಹಂತವನ್ನು ರೆಸಿಸ್ಟರ್ ಕೆಪ್ಯಾಸಿಟರುಗಳಲ್ಲಿ ಕಟ್ಟಿ, ಬೇಸಿಗೆ ಚಳಿಗಾಲ ಎರಡರಲ್ಲೂ ಅದು ಅಲ್ಲಾಡದಂತೆ ಹಿಡಿದಿಡುವುದು ಬಲು ಕಷ್ಟ. ಅಲ್ಲಿ ಸಣ್ಣ ಏರಿಳಿತವನ್ನು ಒಪ್ಪಿಕೊಂಡು ಚೆಬಿಶೆವ್ ಅಥವಾ ಎಲಿಪ್ಟಿಕ್ ಫಿಲ್ಟರ್ ಹಾಕುವುದೇ ಜಾಣತನ. ಥಟ್ಟನೆ ಏರುವ ಸಂಕೇತಗಳಿಗೂ ಬಟರ್‌ವರ್ತ್ ಅಷ್ಟು ಒಗ್ಗದು. ಐದನೇ ಆರ್ಡರಿನದಕ್ಕೆ ಸೊನ್ನೆಯಿಂದ ಒಂದಕ್ಕೆ ಜಿಗಿಯುವ ಸಂಕೇತ ಕೊಟ್ಟರೆ ಅದು ಒಂದನ್ನು ಸುಮಾರು ಶೇಕಡಾ 13ರಷ್ಟು ದಾಟಿ, ತುಯ್ದಾಡಿ, ಆಮೇಲೆ ನೆಲೆಗೆ ಬರುತ್ತದೆ. ಬಡಿತದ ಎತ್ತರವನ್ನೇ ಅಳೆಯಬೇಕಾದ ಕಡೆ ಬೆಸೆಲ್ ಫಿಲ್ಟರ್ ಮೇಲು. ನಿರಂತರ ಕಂಪನದಲ್ಲಿ ಯಾವ ಆವರ್ತನ ಎಷ್ಟಿದೆ ಎಂದಷ್ಟೇ ತಿಳಿಯಬೇಕಾದ ಪಂಪಿಗೆ ಆರನೇ ಆರ್ಡರಿನ ಬಟರ್‌ವರ್ತ್ ಧಾರಾಳವಾಗಿ ಸಾಕು.